ಮರಳೂರಿನ ನಮ್ಮ ಮನೆಯ ಮುಂದೆ 11 ಕೆ.ವಿ. ತಂತಿ: ಮೂರು ಅಡಿ ಬಾಲ್ಕನಿ ಚಾಚಬಹುದೇ?

ಸವಿತಾ, ತುಮಕೂರು (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಮರಳೂರಿನಲ್ಲಿ ನಮ್ಮದು 30×40 ಸೈಟು. ಪಾಯ ಮುಗಿದು ಗೋಡೆ ಎದ್ದಿದೆ. ಮುಂದಿನ ಸೋಮವಾರ ನೆಲಮಹಡಿಯ ಮೋಲ್ಡ್ ಹಾಕಬೇಕು, ಸೆಂಟ್ರಿಂಗ್ ಹಲಗೆ ಬಂದು ಬಿದ್ದಿದೆ. ನಕ್ಷೆಯಲ್ಲಿ ರಸ್ತೆಯ ಕಡೆಗೆ ಮೂರು ಅಡಿ ಚಾಚಿದ ಬಾಲ್ಕನಿ ಇದೆ.

ನಮ್ಮ ಮುಂದೆ ರಸ್ತೆಯಂಚಿನಲ್ಲಿ ವಿದ್ಯುತ್ ಲೈನ್ ಹಾದುಹೋಗುತ್ತದೆ. ಎರಡು ಸೈಟು ಆಚೆಗೆ ಒಂದು ಕಂಬ, ಎರಡು ಸೈಟು ಈಚೆಗೆ ಇನ್ನೊಂದು. ನಿನ್ನೆ ನಮ್ಮ ತಾಯಿ ಮೇಲೆ ನೋಡಿ, "ಬಾಲ್ಕನಿಯಲ್ಲಿ ನಿಂತು ಕೈ ಚಾಚಿದರೆ ತಂತಿ ಸಿಗುವುದಿಲ್ಲವೇ?" ಎಂದು ಕೇಳಿದರು. ಅಂದಿನಿಂದ ನನಗೆ ನಿದ್ದೆ ಬಂದಿಲ್ಲ. ಮೇಸ್ತ್ರಿಯನ್ನು ಕೇಳಿದರೆ, "ಈ ರಸ್ತೆಯಲ್ಲಿ ಎಲ್ಲರೂ ಹೀಗೇ ಕಟ್ಟಿದ್ದಾರೆ ಅಕ್ಕ, ತಂತಿಗೆ ಪೈಪು ಹಾಕಿಸಿದರೆ ಆಯಿತು" ಎನ್ನುತ್ತಾರೆ. ಮಹಾನಗರ ಪಾಲಿಕೆಯಿಂದ ನಕ್ಷೆಗೆ ಅನುಮೋದನೆ ಸಿಕ್ಕಿದೆ. ನಿಜವಾಗಿ ಎಷ್ಟು ಅಂತರ ಬೇಕು? ಯಾರನ್ನು ಕೇಳಬೇಕು? ಪಾಲಿಕೆಯನ್ನೋ, ಬೆಸ್ಕಾಂ ಅನ್ನೋ?

ಲೋಕೇಶ್, ಶಿರಾ

ಮೊದಲು ಕೆಲಸ ನಿಲ್ಲಿಸಿ. ಆಮೇಲೆ ಉಳಿದ ಮಾತು.

ಗಿರೀಶ್ (ಕಟ್ಟಡ ಗುತ್ತಿಗೆ), ಗೌರಿಬಿದನೂರು

ಹೆದರುವ ಅಗತ್ಯವಿಲ್ಲ ಮೇಡಂ. ಹದಿನೆಂಟು ವರ್ಷಗಳಿಂದ ಮನೆ ಕಟ್ಟಿಸುತ್ತಿದ್ದೇನೆ. ಪಕ್ಕಕ್ಕೆ ನಾಲ್ಕು ಅಡಿ, ಮೇಲಕ್ಕೆ ಎಂಟೂಕಾಲು ಅಡಿ ಬಿಟ್ಟರೆ ಸಾಕು, ಇದು ಎಲ್ಲ ಲೈನ್‌ಗೂ ಒಂದೇ. ನಕ್ಷೆಗೆ ಅನುಮೋದನೆ ಇದೆ ಎಂದ ಮೇಲೆ ಅದನ್ನೆಲ್ಲ ಅವರು ನೋಡಿಯೇ ಇರುತ್ತಾರೆ.

ಫಾತಿಮಾ, ಚಿಂತಾಮಣಿ

ಗಿರೀಶ್ ಅವರೇ, ಅನುಮೋದನೆ ಕೊಡುವವರು ತಂತಿಯನ್ನು ನೋಡಿರುತ್ತಾರೆ ಎಂದು ನಂಬಬೇಡಿ. ನಮ್ಮ ನಕ್ಷೆಯಲ್ಲಿ ತಂತಿಯೇ ಇರಲಿಲ್ಲ. ಬರೆದವರು ಸೈಟಿನ ನಾಲ್ಕು ಗೆರೆಯೊಳಗೆ ಮನೆಯನ್ನಷ್ಟೇ ಬರೆದಿದ್ದರು. ಇಲ್ಲದ್ದನ್ನು ಅನುಮೋದಿಸುವವರು ಹೇಗೆ ನೋಡುತ್ತಾರೆ?

ನನ್ನ ಭಾವನ ತಮ್ಮ ಗಾರೆ ಕೆಲಸದವನು. ನಾಲ್ಕು ವರ್ಷದ ಹಿಂದೆ ಒಂದು ಮನೆಯ ಮೊದಲ ಮಹಡಿಯ ಹೊರಗೋಡೆಗೆ ಗಾರೆ ಮೆತ್ತುತ್ತಿದ್ದಾಗ, ಕೈಯಲ್ಲಿದ್ದ ಅಲ್ಯೂಮಿನಿಯಂ ಮಟ್ಟದ ಪಟ್ಟಿ ಹಿಂದಕ್ಕೆ ವಾಲಿ ತಂತಿಗೆ ತಗುಲಿತು. ಮುಟ್ಟಿದ್ದು ಅವನಲ್ಲ, ಪಟ್ಟಿ. ಬದುಕಿದ, ಆದರೆ ಬಲಗೈಯ ಎರಡು ಬೆರಳು ಹೋದವು. ಸವಿತಾ ಅವರೇ, ನಿಮ್ಮ ತಾಯಿಯ ಮಾತು ಕೇಳಿ.

ನಾಗರಾಜಪ್ಪ (ನಿವೃತ್ತ ವಿದ್ಯುತ್ ಎಂಜಿನಿಯರ್), ಕೋಲಾರ

ಸವಿತಾ ಅಮ್ಮ, ನಿಮ್ಮ ತಾಯಿ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ, ಸರಿಯಾದ ವಾರದಲ್ಲೇ ಕೇಳಿದ್ದಾರೆ. ಮೊದಲ ಮಹಡಿಯ ಬಾಲ್ಕನಿಯ ಹಲಗೆ ನೆಲಮಹಡಿಯ ಮೋಲ್ಡ್ ಜೊತೆಗೇ ಒಂದೇ ಕಾಂಕ್ರೀಟಿನಲ್ಲಿ ಬೀಳುತ್ತದೆ. ಸೋಮವಾರ ಅದು ಬಿದ್ದ ಮೇಲೆ ಕೊರೆದು ತೆಗೆಯುವ ಕಷ್ಟ ಬೇರೆಯೇ.

ಗಿರೀಶ್ ಅವರು ಹೇಳಿದ್ದರಲ್ಲಿ ಅರ್ಧ ಸರಿ. ಪಕ್ಕದ ಅಂತರ 1.2 ಮೀಟರ್, ಅಂದರೆ ನಾಲ್ಕು ಅಡಿಗೆ ಕೂದಲೆಳೆ ಕಡಿಮೆ. ಇದು ಮನೆಗೆ ಬರುವ ಸಾಮಾನ್ಯ ಲೈನ್‌ಗೂ ಅಷ್ಟೇ, 11 ಕೆ.ವಿ.ಗೂ ಅಷ್ಟೇ. ಗೊಂದಲ ಹುಟ್ಟುವುದೇ ಇಲ್ಲಿ. ಮೇಲಿನ ಅಂತರ ಒಂದೇ ಅಲ್ಲ. ಸಾಮಾನ್ಯ ಲೈನ್‌ಗೆ 2.5 ಮೀಟರ್ ಸಾಕು, 11 ಕೆ.ವಿ.ಗೆ 3.7 ಮೀಟರ್ ಬೇಕು. ಅದು ಹನ್ನೆರಡು ಅಡಿ ಎರಡು ಇಂಚು. 33 ಕೆ.ವಿ. ಆದರೆ ಪಕ್ಕದ್ದೂ 2 ಮೀಟರ್‌ಗೆ ಏರುತ್ತದೆ. ಇದು ಯಾರೋ ಬಾಯಲ್ಲಿ ಹೇಳುವ ಲೆಕ್ಕವಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ ಇದೆ. 2010ರ ನಿಯಮಗಳನ್ನು 2023ರಲ್ಲಿ ಹೊಸದಾಗಿ ಹೊರಡಿಸಿದ್ದಾರೆ.

ಲೆಕ್ಕ ಹಾಕುವ ಮುನ್ನ ನೀವು ನನಗೆ ನಾಲ್ಕು ಸಂಗತಿ ಹೇಳಬೇಕು. ತಂತಿ ಎಷ್ಟು, ಹೇಗೆ ಕಟ್ಟಿದ್ದಾರೆ? ಕಂಬ ನಿಮ್ಮ ಸೈಟಿನ ಗಡಿಯ ಗೆರೆಯಿಂದ ಎಷ್ಟು ದೂರ? ಗಡಿಯಿಂದ ನಿಮ್ಮ ಮುಂದಿನ ಗೋಡೆ ಎಷ್ಟು ಹಿಂದಿದೆ? ನೆಲದಿಂದ ತಂತಿಯ ಎತ್ತರ ಎಷ್ಟು? ಕೊನೆಯದನ್ನು ಅಳೆಯಲು ಕೋಲು, ಸರಳು, ಉಕ್ಕಿನ ಟೇಪು ಯಾವುದನ್ನೂ ಮೇಲಕ್ಕೆ ಎತ್ತಬೇಡಿ. ನಿಮ್ಮ ಎಂಜಿನಿಯರ್ ಬಳಿ ಲೇಸರ್ ಅಳತೆ ಯಂತ್ರ ಇರುತ್ತದೆ. ಇಲ್ಲದಿದ್ದರೆ ಲೈನ್‌ಮನ್ ಅನ್ನು ಕೇಳಿ. ತಂತಿಯ ನೇರ ಕೆಳಗಿನ ಜಾಗ ಗೊತ್ತಾಗಬೇಕಾದರೆ ರಸ್ತೆಯ ತುದಿಯಲ್ಲಿ ಲೈನಿನ ನೇರಕ್ಕೆ ನಿಂತು, ಕೈಯಲ್ಲಿ ತೂಗುಗುಂಡಿನ ದಾರ ಹಿಡಿದು, ದಾರವೂ ತಂತಿಯೂ ಒಂದಾಗುವಂತೆ ಕಣ್ಣಿಟ್ಟು ನೋಡಿ. ದಾರ ನೆಲ ಮುಟ್ಟುವ ಗೆರೆಯೇ ತಂತಿಯ ಗೆರೆ.

ಲೋಕೇಶ್, ಶಿರಾ

11 ಕೆ.ವಿ. ಎಂದು ಹೇಗೆ ಗೊತ್ತಾಯಿತು ಸವಿತಾ ಅವರೇ? ನಮ್ಮ ಬೀದಿಯಲ್ಲಿ ಎಲ್ಲರೂ ಎಲ್ಲ ತಂತಿಯನ್ನೂ "ಹೈಟೆನ್ಷನ್" ಎನ್ನುತ್ತಾರೆ.

ಸವಿತಾ, ತುಮಕೂರು (ಸೋಮವಾರ ಬೆಳಿಗ್ಗೆ)

ಕಂಬದಲ್ಲಿ 11,000 ವೋಲ್ಟ್ ಎಂದು ಬರೆದ ಕೆಂಪು ಅಪಾಯದ ಫಲಕ ಇದೆ. ಮೂರು ತಂತಿ. ಮಧ್ಯದ್ದು ಎತ್ತರದಲ್ಲಿ, ಎರಡು ಪಕ್ಕಕ್ಕೆ ಚಾಚಿದ ಕಬ್ಬಿಣದ ಮೇಲೆ. ಪ್ರತಿಯೊಂದರ ಕೆಳಗೂ ಕಂದು ಬಣ್ಣದ ದೊಡ್ಡ ಪಿಂಗಾಣಿ ಬಟ್ಟಲು.

ಎಂಜಿನಿಯರ್ ಬಂದು ಅಳೆದುಕೊಟ್ಟರು. ಕಂಬದ ನಡು ಗಡಿಯಿಂದ ನಾಲ್ಕು ಅಡಿ ಹೊರಗಿದೆ. ನಮ್ಮ ಕಡೆಯ ತಂತಿ ಕಂಬದಿಂದ ಒಂದು ಅಡಿ ಒಂಬತ್ತು ಇಂಚು ನಮ್ಮತ್ತ ಬಂದಿದೆ. ಗಡಿಯಿಂದ ಗೋಡೆ ಮೂರು ಅಡಿ ಮೂರು ಇಂಚು ಹಿಂದೆ. ನಮ್ಮ ಮನೆಯ ಮುಂದೆ ಆ ತಂತಿ ನೆಲದಿಂದ ಇಪ್ಪತ್ತೆರಡೂವರೆ ಅಡಿ ಎತ್ತರದಲ್ಲಿದೆ. ಮೊದಲ ಮಹಡಿಯ ನೆಲ ಹನ್ನೆರಡು ಅಡಿಗೆ ಬರುತ್ತದೆ.

ನಾಗರಾಜಪ್ಪ, ಕೋಲಾರ

ಇದು 11 ಕೆ.ವಿ.ಯೇ, ಸಂಶಯವಿಲ್ಲ. ಒಂದೊಂದಾಗಿ ನೋಡೋಣ.

ಕಂಬ ನಾಲ್ಕು ಅಡಿ ಹೊರಗಿದ್ದರೂ ತಂತಿ ನಾಲ್ಕು ಅಡಿ ಹೊರಗಿಲ್ಲ, ಎರಡು ಅಡಿ ಮೂರು ಇಂಚು ಮಾತ್ರ. ಬಹಳ ಜನ ಕಂಬದಿಂದ ಅಳೆದು ನೆಮ್ಮದಿಯಾಗಿರುತ್ತಾರೆ. ಗೋಡೆ ಮೂರು ಅಡಿ ಮೂರು ಇಂಚು ಹಿಂದಿದೆ. ಎರಡನ್ನೂ ಕೂಡಿದರೆ ಗೋಡೆಗೂ ತಂತಿಗೂ ಐದೂವರೆ ಅಡಿ. ಬಾಲ್ಕನಿ ಮೂರು ಅಡಿ ಚಾಚಿದರೆ ಅದರ ಅಂಚಿಗೂ ತಂತಿಗೂ ಉಳಿಯುವುದು ಎರಡೂವರೆ ಅಡಿ.

ಇದು ಗಾಳಿಯಿಲ್ಲದ ದಿನದ ಲೆಕ್ಕ. ನಿಯಮ ಹೇಳುವುದು ಗಾಳಿಗೆ ತಂತಿ ಅತಿ ಹೆಚ್ಚು ವಾಲಿದಾಗ ಉಳಿಯುವ ಅಂತರ. ನಿಮ್ಮ ಮನೆ ಎರಡು ಕಂಬಗಳ ಸರಿಮಧ್ಯದಲ್ಲಿದೆ. ತಂತಿ ಹೆಚ್ಚು ಜೋಲುವುದೂ, ಹೆಚ್ಚು ತೂಗುವುದೂ ಅಲ್ಲಿಯೇ. ಸುಮಾರು ಐವತ್ತು ಮೀಟರ್ ನಡುವಿನಲ್ಲಿ ತಂತಿ ಎರಡು ಅಡಿ ಜೋತಿದ್ದರೆ, ಜೋರು ಗಾಳಿಗೆ ಅದು ಒಂದು ಅಡಿಗಿಂತ ಹೆಚ್ಚು ಪಕ್ಕಕ್ಕೆ ಬರುತ್ತದೆ. ಅಡಿ ಎರಡು ಇಂಚು ಎಂದು ಹಿಡಿಯೋಣ. ಆಗ ಗೋಡೆಗೆ ನಾಲ್ಕು ಅಡಿ ನಾಲ್ಕು ಇಂಚು ಉಳಿಯಿತು. ಪಾಸು, ಆದರೆ ಐದಿಂಚಿನ ಅಂಚಿನಲ್ಲಿ. ಬಾಲ್ಕನಿಗೆ ಉಳಿದದ್ದು ಒಂದು ಅಡಿ ನಾಲ್ಕು ಇಂಚು. ನಿಮ್ಮ ತಾಯಿಯ ಕೈ ಅದಕ್ಕಿಂತ ಉದ್ದ.

ಪಕ್ಕದ ಅಂತರ ಸಿಗದಿದ್ದರೆ ಮೇಲಿನ ಅಂತರವಾದರೂ ಸಿಗುತ್ತದೆಯೇ ನೋಡೋಣ. ಬಾಲ್ಕನಿಯ ನೆಲ ಹನ್ನೆರಡು ಅಡಿ, ಅದರ ಮೇಲೆ ಮೂರೂಕಾಲು ಅಡಿಯ ಕಟಾಂಜನ. ಕಟಾಂಜನದ ತಲೆಯಿಂದ ತಂತಿಗೆ ಏಳೂಕಾಲು ಅಡಿ. ಬೇಕಾಗಿರುವುದು ಹನ್ನೆರಡು ಅಡಿ ಎರಡು ಇಂಚು. ಅದೂ ಇಲ್ಲ. ಆದ್ದರಿಂದ ಈ ಬಾಲ್ಕನಿ ಆಗುವುದಿಲ್ಲ.

ಇನ್ನೊಂದು ವಿಷಯ, ಇದನ್ನು ಯಾರೂ ಕೇಳುವುದಿಲ್ಲ: ಕಿಟಕಿಯ ಸಜ್ಜ. ನೆಲಮಹಡಿಯ ಸಜ್ಜ ಒಂಬತ್ತು ಅಡಿ ಎತ್ತರದಲ್ಲಿ ಬರುತ್ತದೆ, ಅದರ ಮೇಲೆ ಹದಿಮೂರೂವರೆ ಅಡಿ ಖಾಲಿ ಇದೆ, ತೊಂದರೆಯಿಲ್ಲ. ಮೊದಲ ಮಹಡಿಯ ಸಜ್ಜ ಹತ್ತೊಂಬತ್ತು ಅಡಿಗೆ ಬರುತ್ತದೆ. ಒಂದೂವರೆ ಅಡಿ ಚಾಚಿದರೆ ಗಾಳಿಯ ದಿನ ತಂತಿಗೆ ಮೂರು ಅಡಿಯೂ ಉಳಿಯುವುದಿಲ್ಲ. ರಸ್ತೆಯ ಕಡೆ ಅದನ್ನೂ ಬಿಡಬೇಕು.

ಗಿರೀಶ್, ಗೌರಿಬಿದನೂರು

ಮೇಲಿನ ಅಂತರದ ವಿಷಯದಲ್ಲಿ ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ. ಆದರೆ ಪೈಪು ಹಾಕಿಸುವುದು ಎಲ್ಲ ಕಡೆ ನಡೆಯುತ್ತಿದೆ ಸರ್. ಪಿ.ವಿ.ಸಿ. ಪೈಪನ್ನು ಸೀಳಿ ತಂತಿಗೆ ತೊಡಿಸಿ ಕಟ್ಟಿಬಿಡುತ್ತಾರೆ. ತಂತಿಗೆ ನಿರೋಧಕ ಹೊದಿಕೆ ಇದ್ದರೆ ಕಡಿಮೆ ಅಂತರಕ್ಕೂ ಅವಕಾಶವಿದೆ ಎಂದು ನಿಯಮದಲ್ಲೇ ಇದೆ, ನಾನು ಓದಿದ್ದೇನೆ. ಬಡವರು ಚಿಕ್ಕ ಸೈಟಿನಲ್ಲಿ ಎಲ್ಲವನ್ನೂ ಬಿಟ್ಟುಕೊಂಡು ಹೋದರೆ ಮನೆ ಎಲ್ಲಿ ಉಳಿಯುತ್ತದೆ?

ನಾಗರಾಜಪ್ಪ, ಕೋಲಾರ

ನೀವು ಓದಿದ್ದು ನಿಜ, ಗಿರೀಶ್. ಆ ಅವಕಾಶ ಇರುವುದು 650 ವೋಲ್ಟ್‌ವರೆಗಿನ ಲೈನ್‌ಗೆ ಮಾತ್ರ. ಅಲ್ಲಿಯೂ ಪೈಪು ತೊಡಿಸುವ ಮಾತಿಲ್ಲ. ತಕ್ಕಷ್ಟು ನಿರೋಧಕವಿರುವ ತಂತಿಯನ್ನು, ಭೂಸಂಪರ್ಕ ಕೊಟ್ಟ ಆಧಾರ ತಂತಿಗೆ ಅಲ್ಲಲ್ಲಿ ಬಿಗಿದು ಎಳೆಯಬೇಕು. ಈಗ ಬೀದಿಗಳಲ್ಲಿ ಕಪ್ಪಗೆ ಹೆಣೆದ ಹಗ್ಗದಂತೆ ಕಾಣುವ ಕೇಬಲ್ ಹಾಕುವುದು ಇದಕ್ಕಾಗಿಯೇ. 11 ಕೆ.ವಿ. ಬರಿತಂತಿಗೆ ಅಂಥ ರಿಯಾಯಿತಿ ಇಲ್ಲ.

ಪಿ.ವಿ.ಸಿ. ಪೈಪು ಅಷ್ಟು ವೋಲ್ಟೇಜಿಗೆ ಮಾಡಿದ್ದಲ್ಲ. ಸೀಳಿದ ಸಂದಿಯಲ್ಲಿ ನೀರು ಸೇರುತ್ತದೆ, ಧೂಳು ಕೂರುತ್ತದೆ. ಎರಡು ಬೇಸಿಗೆ ಕಳೆದರೆ ಬಿಸಿಲಿಗೆ ಒಡೆದು ಚಕ್ಕೆಯಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಪೈಪು ಕಂಡ ಮೇಲೆ ಮನೆಯವರು ಹೆದರುವುದನ್ನು ಬಿಡುತ್ತಾರೆ. ನಾನು ನೌಕರಿಯಲ್ಲಿದ್ದಾಗ ಅಂಥ ಪೈಪು ಕಂಡ ಕಡೆಯಲ್ಲೆಲ್ಲ ಮನೆಯವರೊಂದಿಗೆ ಜಗಳ ಮಾಡಿದ್ದೇನೆ.

ಶಿವಕುಮಾರ್, ಮಾಲೂರು

11 ಕೆ.ವಿ. ತಂತಿ ಮೂರು ಅಡಿ ದೂರದಿಂದಲೇ ಮನುಷ್ಯನನ್ನು ಎಳೆದುಕೊಳ್ಳುತ್ತದೆ ಎಂದು ಕೇಳಿದ್ದೇನೆ. ಬಾಲ್ಕನಿಗೆ ಹೋಗಿ ನಿಂತರೂ ಸಾಕಂತೆ.

ನಾಗರಾಜಪ್ಪ, ಕೋಲಾರ

ಇಲ್ಲ ಶಿವಕುಮಾರ್. 11 ಕೆ.ವಿ. ಗಾಳಿಯಲ್ಲಿ ಹಾರುವುದು ಒಂದೆರಡು ಸೆಂಟಿಮೀಟರ್ ಅಷ್ಟೇ, ಎಳೆದುಕೊಳ್ಳುವುದಂತೂ ಇಲ್ಲವೇ ಇಲ್ಲ. ಈ ಮಾತನ್ನು ತಿದ್ದಲೇಬೇಕು. ಏಕೆಂದರೆ ಎಳೆಯುತ್ತದೆ ಎಂದು ನಂಬಿದವನು, ಹತ್ತಿರ ಹೋದರೂ ಎಳೆಯದೇ ಇದ್ದಾಗ ಧೈರ್ಯ ತಂದುಕೊಳ್ಳುತ್ತಾನೆ. ನಾಲ್ಕು ಅಡಿ ಇಟ್ಟಿರುವುದು ಕಿಡಿ ಹಾರುವುದಕ್ಕಲ್ಲ. ಚಾಚಿದ ಕೈಗೆ, ಕೈಯಲ್ಲಿರುವ ವಸ್ತುವಿಗೆ, ಬೇಸಿಗೆಯಲ್ಲಿ ಜೋಲುವ ತಂತಿಗೆ. ಫಾತಿಮಾ ಅವರ ಸಂಬಂಧಿಕನ ಕೈಯಲ್ಲಿದ್ದ ಪಟ್ಟಿಯನ್ನು ನೆನಪಿಡಿ.

ವೆಂಕಟೇಶ್, ಬಂಗಾರಪೇಟೆ

ನಮ್ಮ ಹೊಲದ ಪಕ್ಕ 66 ಕೆ.ವಿ. ಟವರ್ ಲೈನ್ ಹೋಗುತ್ತದೆ. ಈ ಲೆಕ್ಕದಂತೆ ನಾನು ನಾಲ್ಕು ಅಡಿ ಬಿಟ್ಟು ಕೋಳಿ ಶೆಡ್ ಕಟ್ಟಬಹುದು ಎಂದಾಯಿತು. ಒಳ್ಳೆಯ ಮಾಹಿತಿ, ಧನ್ಯವಾದ.

ನಾಗರಾಜಪ್ಪ, ಕೋಲಾರ

ವೆಂಕಟೇಶ್, ದಯವಿಟ್ಟು ಬೇಡ! ನಾನು ಹೇಳಿದ್ದು 11 ಕೆ.ವಿ. ಕಂಬದ ಲೈನಿಗೆ. 66 ಕೆ.ವಿ.ಗೆ ಮೇಲೆ 4 ಮೀಟರ್, ಪಕ್ಕಕ್ಕೆ 2.3 ಮೀಟರ್ ಕನಿಷ್ಠ. ಅದೂ ವಾಲಿದ ತಂತಿಯಿಂದ. ಟವರ್‌ಗಳ ನಡುವಿನ ದೂರ ಹೆಚ್ಚು, ಆದ್ದರಿಂದ ತಂತಿ ವಾಲುವುದೂ ಬಹಳ. ಅದಕ್ಕೇ ಆ ಲೈನಿಗೆ ಒಟ್ಟು 18 ಮೀಟರ್ ಅಗಲದ ಪಟ್ಟಿಯನ್ನು ಬಿಡುತ್ತಾರೆ, ನಡುಗೆರೆಯಿಂದ ಎರಡೂ ಕಡೆ ಒಂಬತ್ತೊಂಬತ್ತು ಮೀಟರ್. ಅದರೊಳಗೆ ಶೆಡ್ ಕಟ್ಟುವ ಯೋಚನೆ ಬಿಡಿ. ಆ ಲೈನ್ ಬೆಸ್ಕಾಂನದಲ್ಲ, ಕೆ.ಪಿ.ಟಿ.ಸಿ.ಎಲ್.ನದು. ಕೇಳಬೇಕಾದದ್ದು ಅವರನ್ನು.

ರಂಗಸ್ವಾಮಿ, ಕೆ.ಜಿ.ಎಫ್.

ವಿಷಯಾಂತರಕ್ಕೆ ಕ್ಷಮೆಯಿರಲಿ. ಟವರ್ ಎಂದ ಕೂಡಲೇ ನೆನಪಾಯಿತು. ಶಿವನಸಮುದ್ರದಿಂದ ನಮ್ಮ ಚಿನ್ನದ ಗಣಿಗೆ ವಿದ್ಯುತ್ ಬಂದದ್ದು 1902ರಲ್ಲಿ, ಸುಮಾರು 147 ಕಿಲೋಮೀಟರ್ ತಂತಿ ಎಳೆದು. ಆ ಕಾಲಕ್ಕೆ ಅದು ಜಗತ್ತಿನ ಬಹು ಉದ್ದದ ಲೈನುಗಳಲ್ಲಿ ಒಂದು. ಬೆಂಗಳೂರಿಗೆ ದೀಪ ಬಂದದ್ದೇ ಆಮೇಲೆ, 1905ರಲ್ಲಿ. ನಮ್ಮ ತಾತ ಹೇಳುತ್ತಿದ್ದರು, ಆಗ ಲೈನಿನ ಕೆಳಗೆ ದನ ಮೇಯಿಸಲೂ ಜನ ಹಿಂಜರಿಯುತ್ತಿದ್ದರಂತೆ.

ಲೋಕೇಶ್, ಶಿರಾ

ಆಗ ದೂರ ನಿಲ್ಲುತ್ತಿದ್ದರು, ಈಗ ಅದರ ಪಕ್ಕಕ್ಕೇ ಮಹಡಿ ಏರಿಸುತ್ತೇವೆ.

ಅನಿತಾ (ವಾಸ್ತುಶಿಲ್ಪಿ), ತುಮಕೂರು

ಸವಿತಾ ಅವರೇ, ಬಾಲ್ಕನಿ ಬೇಕೇಬೇಕು ಎಂದಿದ್ದರೆ ಹೊರಕ್ಕೆ ಚಾಚಬೇಡಿ, ಒಳಕ್ಕೆ ತೆಗೆಯಿರಿ. ಮೊದಲ ಮಹಡಿಯಲ್ಲಿ ಮುಂದಿನ ಕೋಣೆಯ ಗೋಡೆಯನ್ನು ಮೂರೂವರೆ ಅಡಿ ಹಿಂದಕ್ಕೆ ಸರಿಸಿದರೆ, ಕೆಳಗಿನ ಗೋಡೆಯ ನೇರಕ್ಕೇ ಬಾಲ್ಕನಿಯ ಅಂಚು ಬಂದು ನಿಲ್ಲುತ್ತದೆ. ಮೇಲಿನ ಮಹಡಿಯ ಮೋಲ್ಡ್ ಅದಕ್ಕೆ ನೆರಳಾಗುತ್ತದೆ, ಸಜ್ಜ ಬೇಕಾಗುವುದೇ ಇಲ್ಲ. ಕೋಣೆ ಚಿಕ್ಕದಾಗುತ್ತದೆ, ಅದು ನಿಜ. ಹಿಂದೆ ಸರಿದ ಗೋಡೆಯ ಭಾರ ಬೀಳುವ ಜಾಗದಲ್ಲಿ ಮೋಲ್ಡ್‌ಗೆ ತೊಲೆ ಬೇಕಾಗುತ್ತದೆ. ಆದ್ದರಿಂದ ಸೋಮವಾರಕ್ಕೆ ಮುಂಚೆ ನಿಮ್ಮ ಎಂಜಿನಿಯರ್‌ನಿಂದ ಕಬ್ಬಿಣದ ವಿವರವನ್ನು ಹೊಸದಾಗಿ ಬರೆಸಿ. ಮೇಸ್ತ್ರಿಯ ಅಂದಾಜಿಗೆ ಬಿಡಬೇಡಿ.

ನಾನು ಪ್ರತಿ ನಕ್ಷೆಯಲ್ಲೂ ರಸ್ತೆಯ ಕಂಬ ಮತ್ತು ತಂತಿಯನ್ನು ಬರೆಯುತ್ತೇನೆ. ಒಬ್ಬ ಗ್ರಾಹಕರು ಅದನ್ನು ಅಳಿಸಲು ಹೇಳಿದ್ದರು, ಅನುಮೋದನೆಗೆ ತೊಡಕಾಗುತ್ತದೆ ಎಂದು. ಅಳಿಸಲಿಲ್ಲ. ಆ ಕೆಲಸ ಕೈತಪ್ಪಿತು, ಬೇಸರವಿಲ್ಲ.

ಲೋಕೇಶ್, ಶಿರಾ

ಒಂದು ಪ್ರಶ್ನೆ. ಮೇಲೆ ಹಾಯುವ ಲೈನ್ ಆದರೆ ಅಂತರವನ್ನು ತಾರಸಿಯಿಂದ ಅಳೆಯಬೇಕೋ, ನೀರಿನ ಟ್ಯಾಂಕಿನಿಂದಲೋ? ನಮ್ಮ ತಾರಸಿಯಲ್ಲಿ ಸೌರ ಫಲಕದ ಚೌಕಟ್ಟು ಎಂಟು ಅಡಿ ಎದ್ದಿದೆ.

ನಾಗರಾಜಪ್ಪ, ಕೋಲಾರ

ಅತಿ ಎತ್ತರದ ಬಿಂದುವಿನಿಂದ. ಟ್ಯಾಂಕ್ ಇದ್ದರೆ ಟ್ಯಾಂಕ್, ಚೌಕಟ್ಟು ಇದ್ದರೆ ಚೌಕಟ್ಟು. ತಂತಿ ಅತಿ ಹೆಚ್ಚು ಜೋತಿರುವ ಬೇಸಿಗೆಯ ಮಧ್ಯಾಹ್ನದ ಅಳತೆ ಬೇಕು, ಡಿಸೆಂಬರ್ ಬೆಳಗಿನದಲ್ಲ.

ಸವಿತಾ, ತುಮಕೂರು (ಸೋಮವಾರ ಸಂಜೆ)

ನಾಗರಾಜಪ್ಪನವರೇ, ಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ನಿಮ್ಮ ಲೆಕ್ಕ ಓದಿ ಹೇಳಿದೆ. ಅನಿತಾ ಅವರ ಒಳಬಾಲ್ಕನಿಗೆ ನಮ್ಮ ಯಜಮಾನರು ಒಪ್ಪುತ್ತಿಲ್ಲ, ಕೋಣೆ ಚಿಕ್ಕದಾಗುತ್ತದೆ ಎಂದು. ಲೈನನ್ನೇ ಸರಿಸಲು ಅರ್ಜಿ ಹಾಕೋಣ ಎನ್ನುತ್ತಾರೆ. ಅದು ಸಾಧ್ಯವೇ? ಎಲ್ಲಿಗೆ ಹೋಗಬೇಕು?

ನಾಗರಾಜಪ್ಪ, ಕೋಲಾರ

ಸಾಧ್ಯ. ಆದರೆ ಸೋಮವಾರದೊಳಗೆ ಆಗುವುದಿಲ್ಲ, ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ.

ಸರಿಸಲಿ, ಬಿಡಲಿ, ನೀವು ಹೋಗಬೇಕಾದ ಜಾಗ ಎರಡು. ಒಂದು, ನಿಮ್ಮ ಬಡಾವಣೆಯ ಬೆಸ್ಕಾಂ ಶಾಖಾ ಕಚೇರಿ. ಅಲ್ಲಿಂದ ಅರ್ಜಿ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಬಳಿಗೆ ಹೋಗುತ್ತದೆ. ಎರಡು, ವಿದ್ಯುತ್ ಪರಿವೀಕ್ಷಣಾಲಯ. ಇದು ಬೆಸ್ಕಾಂನ ಭಾಗವಲ್ಲ, ಸರ್ಕಾರದ ಬೇರೆ ಇಲಾಖೆ. ಜನರಿಗೆ ಹೆಸರೇ ಗೊತ್ತಿರುವುದಿಲ್ಲ. ಲೈನಿನ ಹತ್ತಿರ ಕಟ್ಟುವವನೂ ಅವನ ಗುತ್ತಿಗೆದಾರನೂ ಈ ಇಬ್ಬರಿಗೂ ಬರಹದಲ್ಲಿ ತಿಳಿಸಬೇಕು. ಜೊತೆಗೆ ಅಳತೆಗೆ ತಕ್ಕ ನಕ್ಷೆ ಕೊಡಬೇಕು. ಆ ನಕ್ಷೆಯಲ್ಲಿ ಮನೆಯಷ್ಟೇ ಅಲ್ಲ, ಕಟ್ಟುವಾಗ ಹಾಕುವ ಸಾರವೆಯೂ ಇರಬೇಕು. ಇದು ಗುತ್ತಿಗೆದಾರನ ಹೊಣೆಯೂ ಹೌದು, ಗಿರೀಶ್ ಗಮನಿಸಿ. ಅಂತರಕ್ಕೆ ಭಂಗ ಬರುವುದಿಲ್ಲ ಎಂದು ಪರಿವೀಕ್ಷಕರು ಪ್ರಮಾಣಪತ್ರ ಕೊಡುವವರೆಗೆ ಕೆಲಸ ಆರಂಭಿಸುವಂತಿಲ್ಲ, ಮುಂದುವರಿಸುವಂತೆಯೂ ಇಲ್ಲ.

ಲೈನ್ ಸರಿಸಲೇಬೇಕಾದರೆ, ಲೈನಿನವರು ಬಂದು ನೋಡಿ ಅಂದಾಜು ವೆಚ್ಚ ತಿಳಿಸುತ್ತಾರೆ. ನೋಟಿಸ್ ಬಂದ 30 ದಿನಗಳೊಳಗೆ ಹಣ ಕಟ್ಟಬೇಕು. ಕಟ್ಟಿದ ಮೇಲೆ ಒಂದು ತಿಂಗಳೊಳಗೆ ಅವರು ಸರಿಸಬೇಕು, ಪರಿವೀಕ್ಷಕರು ಹೆಚ್ಚಿನ ಕಾಲ ಕೊಟ್ಟರೆ ಅಷ್ಟರೊಳಗೆ. ನಿಮ್ಮ ವಿಷಯದಲ್ಲಿ ಕಂಬ ಕೀಳಬೇಕಾಗದೇ ಇರಬಹುದು. ಎರಡೂ ಕಡೆ ಚಾಚಿದ ಕಬ್ಬಿಣವನ್ನು ತೆಗೆದು, ಮೂರೂ ತಂತಿ ರಸ್ತೆಯ ಕಡೆಗೇ ಬರುವಂಥ ಒಂದೇ ಬದಿಯ ತೋಳು ಹಾಕುವುದುಂಟು. ಅದಕ್ಕೆ ಕಂಬ ತಡೆಯುತ್ತದೆಯೇ, ಎದುರು ಮನೆಗೆ ತಂತಿ ಹತ್ತಿರವಾಗುತ್ತದೆಯೇ ಎಂಬುದನ್ನು ಸ್ಥಳ ನೋಡಿಯೇ ಹೇಳಬೇಕು. ಇಲ್ಲಿ ಕುಳಿತು ನಾನು ಹೇಳಲಾರೆ.

ಕೃಷ್ಣಮೂರ್ತಿ, ಶಿಡ್ಲಘಟ್ಟ

ಹಣ ನಾವೇ ಏಕೆ ಕಟ್ಟಬೇಕು ಎಂಬುದೇ ನನ್ನ ಪ್ರಶ್ನೆ. ನಮ್ಮ ಮನೆ 1994ರದು. ತಂತಿ ಎಳೆದದ್ದು ಆಮೇಲೆ, ನಮ್ಮ ತಾರಸಿಯ ಅಂಚಿಗೆ ಮೂರೇ ಅಡಿ ಬಿಟ್ಟು. ಸರಿಸಲು ಕೇಳಿದರೆ ಕಚೇರಿಯಲ್ಲಿ ನನ್ನ ಕೈಗೇ ಅಂದಾಜುಪಟ್ಟಿ ಕೊಟ್ಟರು. ಎರಡು ವರ್ಷದಿಂದ ಓಡಾಡುತ್ತಿದ್ದೇನೆ.

ನಾಗರಾಜಪ್ಪ, ಕೋಲಾರ

ಮನೆ ಮೊದಲು, ಲೈನ್ ಆಮೇಲೆ ಎಂದಾದರೆ, ಅಂತರ ಬಿಡದೆ ಎಳೆದದ್ದು ಲೈನಿನವರ ತಪ್ಪು. ಸರಿಸುವ ವೆಚ್ಚವನ್ನು ನಿಮ್ಮ ಮೇಲೆ ಹಾಕುವುದು ನ್ಯಾಯವಲ್ಲ. ಲೈನನ್ನು ನಿಯಮದಂತೆ ಎಳೆದಿದ್ದರೇ ಎಂಬುದನ್ನೂ, ವೆಚ್ಚಕ್ಕೆ ಮನೆಯವನು ಹೊಣೆಯೇ ಎಂಬುದನ್ನೂ ಅವರು ಮೊದಲು ಪರಿಶೀಲಿಸಬೇಕು. ವಿವಾದವಾದರೆ ಪರಿವೀಕ್ಷಕರ ಮುಂದೆ ಇಡಬಹುದು, ಅವರ ತೀರ್ಮಾನವೇ ಅಂತಿಮ. ನಿಮ್ಮ ಹಳೆಯ ಕಂದಾಯ ರಸೀದಿ, ಮನೆಯ ಮೊದಲ ವಿದ್ಯುತ್ ಬಿಲ್ಲು ಹುಡುಕಿ ಇಟ್ಟುಕೊಳ್ಳಿ.

ಕೃಷ್ಣಮೂರ್ತಿ, ಶಿಡ್ಲಘಟ್ಟ

ಅಲ್ಲಿಯೇ ಸಿಕ್ಕಿಕೊಂಡಿದ್ದೇನೆ ಸರ್. ನೆಲಮಹಡಿ 1994ರದು, ದಾಖಲೆ ಇದೆ. ಮಹಡಿ ಕಟ್ಟಿದ್ದು 2008ರಲ್ಲಿ. ಲೈನ್ ಯಾವ ವರ್ಷ ಬಂತು ಎಂಬುದಕ್ಕೆ ನನ್ನ ಬಳಿ ಕಾಗದವಿಲ್ಲ, ಅವರೂ ತೋರಿಸುತ್ತಿಲ್ಲ.

ಅನಿತಾ, ತುಮಕೂರು

ಮಹಡಿ ಲೈನ್ ಬಂದ ಮೇಲಿನದಾದರೆ ವಾದ ಕಷ್ಟ. ಲೈನ್ ಯಾವಾಗ ಎಳೆದರು ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ನೋಡಿ.

ಗಿರೀಶ್, ಗೌರಿಬಿದನೂರು

ಎಲ್ಲ ಸರಿ ಸರ್. ಆದರೆ ಮನೆ ಕಟ್ಟುವವರೆಲ್ಲ ಪರಿವೀಕ್ಷಣಾಲಯಕ್ಕೆ ಹೋಗಿ ಪ್ರಮಾಣಪತ್ರ ತಂದದ್ದನ್ನು ನಾನು ಕಂಡಿಲ್ಲ. ನನ್ನ ಅನುಭವದಲ್ಲಿ ಒಬ್ಬರೂ ಇಲ್ಲ. ನಿಯಮ ಕಾಗದದಲ್ಲಿದೆ, ಮೇಸ್ತ್ರಿ ಬಿಸಿಲಲ್ಲಿ ನಿಂತಿದ್ದಾನೆ.

ಫಾತಿಮಾ, ಚಿಂತಾಮಣಿ

ಆ ಬಿಸಿಲಲ್ಲಿ ನಿಂತವನಿಗಾಗಿಯೇ ಆ ನಿಯಮ ಅಣ್ಣ. ಮನೆಯವರು ಬಾಲ್ಕನಿಗೆ ಬರುವುದು ಗೃಹಪ್ರವೇಶದ ಮೇಲೆ. ಅದಕ್ಕೆ ಮುಂಚೆ ಆರು ತಿಂಗಳು ಅಲ್ಲಿ ಇರುವವರು ನಿಮ್ಮ ಆಳುಗಳು.

ಗಿರೀಶ್, ಗೌರಿಬಿದನೂರು

ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ನಾಗರಾಜಪ್ಪ, ಕೋಲಾರ

ಫಾತಿಮಾ ಅಮ್ಮ ಹೇಳಿದ್ದನ್ನೇ ಮುಂದುವರಿಸುತ್ತೇನೆ. ಸವಿತಾ ಅಮ್ಮ, ಬಾಲ್ಕನಿ ಕೈಬಿಟ್ಟರೂ ನಿಮ್ಮ ಕೆಲಸ ಮುಗಿಯಲಿಲ್ಲ. ಮೋಲ್ಡ್ ದಿನ ಕಾಂಕ್ರೀಟ್ ಮೇಲೇರಿಸುವ ಲಿಫ್ಟ್ ಇರುವ ಯಂತ್ರ ತರುತ್ತಾರೆ. ಅದರ ಕಬ್ಬಿಣದ ಕಂಬವನ್ನು ಎಲ್ಲಿ ನಿಲ್ಲಿಸುತ್ತಾರೆ? ಮುಂದೆ, ರಸ್ತೆಯಲ್ಲಿ. ಅಂದರೆ ತಂತಿಯ ಕೆಳಗೇ. ಮಲಗಿಸಿ ತಂದ ಕಂಬವನ್ನು ನಾಲ್ಕು ಜನ ಹಿಡಿದು ಎತ್ತುವಾಗ ಎಲ್ಲರ ಕಣ್ಣೂ ಬುಡದ ಮೇಲಿರುತ್ತದೆ, ತಲೆಯನ್ನು ಯಾರೂ ನೋಡುವುದಿಲ್ಲ. ಕಬ್ಬಿಣದ ಸರಳು ಬರುವುದು 12 ಮೀಟರ್ ಉದ್ದದಲ್ಲಿ, ನಲವತ್ತು ಅಡಿ. ಅದನ್ನು ನಿಲ್ಲಿಸಿ ಮೇಲಕ್ಕೆ ಕೊಟ್ಟರೆ ನಿಮ್ಮ ಇಪ್ಪತ್ತೆರಡೂವರೆ ಅಡಿಯ ತಂತಿ ಅದರ ನಡುವಿಗೆ ಬರುತ್ತದೆ.

ಯಂತ್ರವನ್ನು ಪಕ್ಕದ ಖಾಲಿ ಸೈಟಿನ ಕಡೆಯಿಂದ ಅಥವಾ ಹಿಂದಿನಿಂದ ಹಾಕಿಸಿ. ಸರಳನ್ನು ನೆಲದಲ್ಲೇ ಕತ್ತರಿಸಿ, ಬಾಗಿಸಿ, ಆಮೇಲೆ ಏರಿಸಲಿ. ಮುಂದಿನಿಂದಲೇ ಮಾಡಬೇಕಾದ ಅನಿವಾರ್ಯ ಬಂದರೆ ಶಾಖಾ ಕಚೇರಿಗೆ ದಿನ, ಹೊತ್ತು ಬರೆದು ಕೊಟ್ಟು ಲೈನ್ ನಿಲ್ಲಿಸಲು ಕೇಳಿ. ಕರೆಂಟು ಹೋಯಿತು ಎಂದ ಮಾತ್ರಕ್ಕೆ ಕೆಲಸ ಶುರು ಮಾಡಬೇಡಿ. ಲೈನ್‌ಮನ್ ಸ್ಥಳಕ್ಕೆ ಬಂದು ಲೈನಿಗೆ ಭೂಸಂಪರ್ಕ ಕೊಟ್ಟು, "ಈಗ ಮಾಡಿ" ಎಂದು ಹೇಳಬೇಕು. ಮನೆಗಳಲ್ಲಿ ದೀಪ ಆರಿದರೂ ಮೇಲಿನ 11 ಕೆ.ವಿ. ತಂತಿಯಲ್ಲಿ ವಿದ್ಯುತ್ ಹರಿಯುತ್ತಿರಬಹುದು.

ಸವಿತಾ, ತುಮಕೂರು (ಗುರುವಾರ ರಾತ್ರಿ)

ಇಷ್ಟು ದಿನ ಬರೆಯಲು ಆಗಲಿಲ್ಲ. ಮಂಗಳವಾರ ಶಾಖಾ ಕಚೇರಿಗೂ ಪರಿವೀಕ್ಷಣಾಲಯಕ್ಕೂ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ಅನಿತಾ ಅವರು ಹೇಳಿದಂತೆ ತಂತಿ, ಕಂಬ, ಸಾರವೆ ಎಲ್ಲವನ್ನೂ ಸೇರಿಸಿ ನಮ್ಮ ಎಂಜಿನಿಯರ್ ನಕ್ಷೆ ಬರೆದುಕೊಟ್ಟರು. ನಿನ್ನೆ ಶಾಖಾಧಿಕಾರಿ ಬಂದು ನೋಡಿದರು. ಅವರ ಅಳತೆಗೂ ನಮ್ಮದಕ್ಕೂ ಎರಡೇ ಇಂಚು ವ್ಯತ್ಯಾಸ. ಬಾಲ್ಕನಿ ಬೇಡ, ಮೇಲಿನ ಸಜ್ಜವೂ ಬೇಡ ಎಂದು ಅವರೂ ಹೇಳಿದರು. ಒಂದೇ ಬದಿಯ ತೋಳಿನ ಬಗ್ಗೆ ಕೇಳಿದೆ. ಎದುರು ಮನೆಯವರು ಆಗಲೇ ಎರಡು ಅಡಿ ಚಾಚಿದ್ದಾರೆ, ಅತ್ತ ಸರಿಸಿದರೆ ಅವರಿಗೆ ಅಂತರ ಸಾಲುವುದಿಲ್ಲ ಎಂದರು. ಮೇಲಧಿಕಾರಿಗಳಿಗೆ ಬರೆಯುತ್ತಾರಂತೆ.

ಯಜಮಾನರು ಕೊನೆಗೆ ಒಳಬಾಲ್ಕನಿಗೆ ಒಪ್ಪಿದರು. ಮೋಲ್ಡ್ ಮುಂದಕ್ಕೆ ಹಾಕಿದ್ದೇವೆ. ಪರಿವೀಕ್ಷಕರು ನೋಡಿ ಹೋಗುವವರೆಗೆ ಬೇಡ ಎಂದು ಮೇಸ್ತ್ರಿಗೆ ಹೇಳಿದೆ. ಸೆಂಟ್ರಿಂಗ್ ಹಲಗೆಯ ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತಿದೆ, ಏನು ಮಾಡುವುದು. ಹಿಂದಿನ ಸೈಟಿನವರು ಯಂತ್ರ ನಿಲ್ಲಿಸಲು ಜಾಗ ಕೊಡುತ್ತಾರೆ. ಎದುರು ಮನೆಯವರಿಗೂ ಈ ಲೆಕ್ಕವನ್ನು ತೋರಿಸಿದೆ. ಅವರ ಬಾಲ್ಕನಿಗೂ ತಂತಿಗೂ ಈಗ ಎಷ್ಟು ಅಂತರ ಇದೆಯೋ ನೋಡಲು ನಾಳೆ ಎಂಜಿನಿಯರ್ ಅನ್ನು ಕರೆದಿದ್ದಾರೆ.

ನಾಗರಾಜಪ್ಪ, ಕೋಲಾರ

ಒಳ್ಳೆಯದಾಯಿತು ತಾಯಿ. ಅವರ ಮನೆಯ ಅಳತೆಯನ್ನೂ ಇಲ್ಲಿ ಬರೆಯಿರಿ. ಕಂಬದಿಂದ ಅಲ್ಲ, ತಂತಿಯಿಂದ.